ಮೇಸ್ತ್ರಿಯ ದನಿಯಲ್ಲಿ ನಾನು ಹೇಳಿದ ಆರು ತಿಂಗಳು

ನನ್ನ ಸ್ವಂತ ದನಿ ಹೇಗಿದೆ ಎಂದು ಕೇಳಿದರೆ ನಮ್ಮಮ್ಮನಿಗೂ ಹೇಳಲು ಬರುವುದಿಲ್ಲ. ನಾನು ಫೋನ್ ಮಾಡಿದಾಗಲೆಲ್ಲ ಮೊದಲು "ಯಾರ್ ಮಾತಾಡ್ತಿರೋದು, ನಿಜ ಏಳು" ಎನ್ನುತ್ತಾಳೆ. ಡೇರಿ ಸೆಕ್ರೆಟರಿಯಂತೆ ಹಾಲಿನ ಬಗ್ಗೆ ಬೈಯುವುದು, ಬೂದಿಕೋಟೆ ಬಸ್ಸಿನ ಕಂಡಕ್ಟರಂತೆ ಚಿಲ್ಲರೆ ಕೇಳುವುದು, ಸತ್ತ ನಮ್ಮ ತಾತನಂತೆ ಕೆಮ್ಮಿ ಅಜ್ಜಿಯನ್ನು ಅಟ್ಟದಿಂದ ಇಳಿಸುವುದು, ಇವೆಲ್ಲ ಹತ್ತನೇ ತರಗತಿಗೆ ಮುಂಚೆಯೇ ಕಲಿತಿದ್ದೆ. ಓದಿನಲ್ಲಿ ಕಲಿತದ್ದು ಬಿ.ಕಾಂ. ಮೂರನೇ ದರ್ಜೆ. ಮುಖ ನೋಡಿದರೆ ಹಸಿದ ಓತಿಕ್ಯಾತನಂತಿದ್ದೇನೆ. ದೇವರು ಮುಖ ಮಾಡುವಾಗ ಮಿಕ್ಕ ಸಾಮಾನನ್ನೆಲ್ಲ ಗಂಟಲಿಗೆ ತುಂಬಿದ್ದಾನೆ ಅನ್ನಿಸುತ್ತದೆ.

ಈ ಗಂಟಲನ್ನು ಇಟ್ಟುಕೊಂಡು ನಾನು ಬಂಗಾರಪೇಟೆಯ ಒಂದು ತೆರಿಗೆ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಬಸ್ ನಿಲ್ದಾಣದ ಹತ್ತಿರ, ಪಾತ್ರೆ ಅಂಗಡಿಯ ಮೇಲೆ, ಒಂದು ಉದ್ದನೆಯ ಕೋಣೆ. ಯಜಮಾನರನ್ನು ಎಲ್ಲರೂ ಆಡಿಟ್ರು ಎನ್ನುತ್ತಾರೆ. ಅವರು ಆಡಿಟರ್ ಅಲ್ಲ, ರಿಟರ್ನ್ ತುಂಬಿಕೊಡುವವರು. ಆದರೆ ಊರು ಒಮ್ಮೆ ಕೊಟ್ಟ ಪದವಿಯನ್ನು ಅವರು ಯಾಕೆ ಬೇಡ ಅನ್ನಬೇಕು? ಅವರಲ್ಲದೆ ಅಲ್ಲಿ ಇದ್ದದ್ದು ಟೈಪಿಂಗ್ ಮಾಡುವ ಅಕ್ಕ ಮತ್ತು ನಾನು. ಮಧ್ಯಾಹ್ನ ಊಟವಾದ ಮೇಲೆ ಅಕ್ಕ "ಲೇ, ಇವತ್ತು ಯಾರು?" ಎಂದು ಕೇಳುತ್ತಿದ್ದಳು. ಆ ದಿನ ಬಂದು ಹೋದ ಗಿರಾಕಿಗಳಲ್ಲಿ ಒಬ್ಬರನ್ನು ನಾನು ಮಾಡಿ ತೋರಿಸಬೇಕು. ಅದು ನನ್ನ ಕೆಲಸದ ಭಾಗವೇ ಆಗಿಹೋಗಿತ್ತು. ಸಂಬಳ ಹೆಚ್ಚಿಸಿ ಎಂದು ಆಡಿಟ್ರನ್ನು ಕೇಳುವಾಗಲೂ ಅವರದೇ ದನಿಯಲ್ಲಿ ಕೇಳುತ್ತಿದ್ದೆ. ಅವರು ನಕ್ಕು ಸುಮ್ಮನಾಗುತ್ತಿದ್ದರು. ಸಂಬಳ ಹೆಚ್ಚಾಗುತ್ತಿರಲಿಲ್ಲ.

ಎಲ್ಲ ಗಿರಾಕಿಗಳಿಗಿಂತ ಚೆನ್ನಾಗಿ ಬರುತ್ತಿದ್ದದ್ದು ಮೇಸ್ತ್ರಿ. ಚಾಂಪಿಯನ್ ರೀಫ್ಸಿನಲ್ಲಿ, ಚಿನ್ನದ ಗಣಿಯವರು ಕೆಲಸಗಾರರಿಗೆ ಸಾಲಾಗಿ ಕಟ್ಟಿದ ಲೈನು ಮನೆಯಲ್ಲಿರುವ ಮುದುಕರು, ಎಪ್ಪತ್ತರ ಹತ್ತಿರ. ಗಣಿ ಮುಚ್ಚುವವರೆಗೂ ಶಾಫ್ಟಿನೊಳಗೆ, ಅಂದರೆ ಕೆಳಕ್ಕಿಳಿಯುವ ಗಣಿಬಾವಿಯಲ್ಲಿ, ಕಲ್ಲು ಬೀಳದಂತೆ ಮರ ಕಟ್ಟುವ ತಂಡದ ಮೇಸ್ತ್ರಿಯಾಗಿದ್ದರು. ಹಳೆಯ ಶಾಫ್ಟನ್ನು ನೋಡಿ, ಕಲ್ಲಿಗೆ ಕೈಯಿಟ್ಟು, ಇಲ್ಲಿ ಇನ್ನೊಂದು ವರ್ಷ ನಿಲ್ಲುತ್ತೆ, ಇಲ್ಲಿ ನಾಳೆ ಬೀಳುತ್ತೆ ಎಂದು ಹೇಳಬಲ್ಲವರು. ಪೂರ್ವ ಆಫ್ರಿಕಾದ ಒಂದು ದೇಶದಲ್ಲಿ ಮುಚ್ಚಿದ ಗಣಿಯೊಂದನ್ನು ಮತ್ತೆ ತೆರೆಯುತ್ತಿದ್ದ ಕಂಪನಿ ಇವರನ್ನು ಹೇಗೋ ಹುಡುಕಿ ಸಲಹೆಗಾರನೆಂದು ಒಪ್ಪಂದ ಮಾಡಿಕೊಂಡಿತ್ತು. ವರ್ಷಕ್ಕೆ ಎರಡು ಸಲ ಅಲ್ಲಿಗೆ ಹೋಗಿ ಬರುವುದು, ಉಳಿದ ದಿನ ಮನೆಯಲ್ಲೇ ಕೂತು ಫೋಟೋ ನೋಡಿ ಹೇಳುವುದು.

ಅವರ ಮಾತಿಗೆ ಒಂದು ಚಾಳಿಯಿತ್ತು. ಯಾರು ಏನು ಹೇಳಿದರೂ ಮೊದಲು ಅದನ್ನೇ ತಿರುಗಿ ಹೇಳುವುದು. ಗಣಿಯಲ್ಲಿ ಹಾಗೆಯೇ ಪದ್ಧತಿಯಂತೆ. ಒಂದು ಕಡೆಯಿಂದ ಹೊಡೆದ ಗಂಟೆಯನ್ನು ಇನ್ನೊಂದು ಕಡೆಯವನು ಅಷ್ಟೇ ಸಲ ತಿರುಗಿ ಹೊಡೆದ ಮೇಲೆಯೇ ಆಳುಗಳನ್ನು ಇಳಿಸುವ ಕೇಜು ಅಲ್ಲಾಡಬೇಕು. ತಪ್ಪಾಗಿ ಕೇಳಿಸಿಕೊಂಡರೆ ಜನ ಸಾಯುತ್ತಾರೆ. ಆಡಿಟ್ರು "ನಾಳೆ ಹನ್ನೊಂದಕ್ಕೆ ಬನ್ನಿ" ಎಂದರೆ ಮೇಸ್ತ್ರಿ "ನಾಳೆ, ಅನ್ನೊಂದಕ್ಕೆ, ಬರಬೇಕು" ಎಂದು ಮೂರು ತುಂಡು ಮಾಡಿ ವಾಪಸು ಕೊಟ್ಟು, ತಲೆಯಾಡಿಸಿ, ಆಮೇಲೆ ಹೊರಡುತ್ತಿದ್ದರು. ಮಿಮಿಕ್ರಿಯವನಿಗೆ ಇದಕ್ಕಿಂತ ಹಬ್ಬದೂಟ ಬೇಕೆ?

ಇನ್ನೊಂದು ಚಾಳಿ ಕೊಚ್ಚಿಕೊಳ್ಳುವುದು. ಆಫೀಸಿನಲ್ಲಿ ಅಲ್ಲ, ಅವರ ಲೈನಿನ ಟೀ ಅಂಗಡಿಯಲ್ಲಿ. ಅವರ ಸಹಿ ಹಾಕಿಸಿಕೊಳ್ಳಲು ಒಮ್ಮೆ ಅಲ್ಲಿಗೆ ಹೋದಾಗ ನನ್ನ ಕಿವಿಯಾರೆ ಕೇಳಿದ್ದೆ. "ಅಲ್ಲಿ ನಂಗೇ ಅಂತ ಒಂದ್ ರೂಮದೆ. ಬಾಗ್ಲಲ್ಲಿ ನನ್ನೆಸರು ಬರ್ದವ್ರೆ. ವರ್ಸದಾಗೆ ಆರ್ ತಿಂಗ್ಳು ನಾನು ಅಲ್ಲೇ ಕಣಪ್ಪಾ, ಇಲ್ಲಿಗೆ ಬರೋದೇ ನಿಮ್ ಮಕ ನೋಡಾಕೆ." ಕೂತಿದ್ದ ಹಳೆಯ ಗಣಿ ಗೆಳೆಯರಲ್ಲಿ ಒಬ್ಬರು ತಮಿಳಿನಲ್ಲಿ "ಸರಿ ಡಾ, ದೊರೆ" ಎಂದು ಟೀ ಲೋಟ ಎತ್ತಿದರು. ನಿಜ ಏನೆಂದರೆ ಅವರು ಅಲ್ಲಿ ಮೂವರ ಜೊತೆ ಒಂದು ಶೆಡ್ಡಿನಲ್ಲಿ ಮಲಗುತ್ತಿದ್ದರು. ಕೂರುತ್ತಿದ್ದದ್ದು ಕೇಜು ಎಳೆಯುವ ಯಂತ್ರದ ಮನೆಯಲ್ಲಿ, ಯಾರಾದರೂ ಎದ್ದು ಹೋದ ಸ್ಟೂಲಿನ ಮೇಲೆ. ಇದನ್ನು ನಮಗೆ ಹೇಳಿದವರೂ ಅವರೇ, ಆಡಿಟ್ರು ಒಪ್ಪಂದದ ಪ್ರತಿ ನೋಡುತ್ತ ಕೇಳಿದಾಗ. ಟೀ ಅಂಗಡಿಗೊಂದು ಮೇಸ್ತ್ರಿ, ಫೈಲಿಗೊಂದು ಮೇಸ್ತ್ರಿ. ನನಗೆ ಟೀ ಅಂಗಡಿಯ ಮೇಸ್ತ್ರಿಯೇ ಇಷ್ಟ. ಮಧ್ಯಾಹ್ನದ ಆಟದಲ್ಲಿ ಅವರನ್ನೇ ಮಾಡುತ್ತಿದ್ದೆ.

ಅವರು ನಮ್ಮಲ್ಲಿಗೆ ಬಂದ ಕಾರಣ ಇದು. ಆ ದೇಶದ ಕಾನೂನಿನಂತೆ ಹೊರಗಿನವನಿಗೆ ಕೊಡುವ ಸಲಹಾ ಶುಲ್ಕದಲ್ಲಿ ಕಂಪನಿ ನೂರಕ್ಕೆ ಇಪ್ಪತ್ತು ಕಡಿದು ಅಲ್ಲಿನ ಸರ್ಕಾರಕ್ಕೆ ಕಟ್ಟಬೇಕು. ಆದರೆ ಆ ದೇಶಕ್ಕೂ ನಮಗೂ ತೆರಿಗೆ ಒಪ್ಪಂದ ಇದೆ. ಪಡೆಯುವವನು ಭಾರತದ ನಿವಾಸಿಯಾಗಿದ್ದರೆ, ಅಲ್ಲಿ ಅವನಿಗೆ ಕಾಯಂ ಆಫೀಸು ಇಲ್ಲದಿದ್ದರೆ, ಹತ್ತು ಮಾತ್ರ. ನಿವಾಸಿ ಎನ್ನುವುದಕ್ಕೆ ಬಾಯಿ ಮಾತು ಸಾಲದು. ಇಲ್ಲಿನ ಆದಾಯ ತೆರಿಗೆ ಅಧಿಕಾರಿ ಕೊಟ್ಟ ಟ್ಯಾಕ್ಸ್ ರೆಸಿಡೆನ್ಸಿ ಸರ್ಟಿಫಿಕೇಟ್ ಬೇಕು. ಅದಿಲ್ಲದೆ ಎರಡು ವರ್ಷ ಇಪ್ಪತ್ತು ಕಡಿದಿದ್ದರು. ಇಲ್ಲಿ ಅವರ ಆದಾಯಕ್ಕೆ ತೆರಿಗೆ ಹಾಕುವಾಗ, ಅಲ್ಲಿ ಕಟ್ಟಿದ್ದನ್ನು ಕಳೆದುಕೊಳ್ಳಲು ಬಿಡುತ್ತಾರೆ, ಆದರೆ ಒಪ್ಪಂದದಲ್ಲಿ ಹೇಳಿದ ಹತ್ತರವರೆಗೆ ಮಾತ್ರ. ಮಿಕ್ಕ ಹತ್ತು ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.

ಮೇಸ್ತ್ರಿಗೆ ದುಡ್ಡಿಗಿಂತ ಬೇರೆ ಏನೋ ಚುಚ್ಚಿತ್ತು. ಆಡಿಟ್ರು ಸರ್ಟಿಫಿಕೇಟಿನ ವಿಷಯ ಹೇಳಿದಾಗ ಅವರು ಎಂದಿನಂತೆ ತಿರುಗಿ ಹೇಳಲಿಲ್ಲ. ಬದಲಿಗೆ ಒಂದು ಪ್ರಶ್ನೆ ಕೇಳಿದರು. "ನಾನು ಇಲ್ಲೋನು ಅಂತ ಸರ್ಕಾರದೋರು ಬರ್ಕೊಡ್ತಾರಾ?"

"ಬರ್ಕೊಡ್ತಾರೆ ಮೇಸ್ತ್ರಿ, ಸೀಲ್ ಹಾಕಿ."

"ಗಣಿ ಮುಚ್ಚಿದ್ ಮ್ಯಾಲೆ ನಮ್ ಲೈನು ಮನೆ ಯಾರ್ದು ಅಂತ ಇನ್ನೂ ತೀರ್ಮಾನ ಆಗಿಲ್ವಲ್ಲ. ಎಲ್ಲಾ ಕಾಗ್ದದಾಗೂ ಅದೊಂದು ಕೇಳ್ತಾರೆ."

"ಮನೆ ನಿಮ್ದಾ ಅಂತ ಇದ್ರಲ್ಲಿ ಕೇಳಲ್ಲ. ವಿಳಾಸ ಕೊಡಿ ಸಾಕು. ಇಲ್ಲಿ ಎಷ್ಟು ದಿನ ಇದ್ರಿ ಅನ್ನೋದೇ ಮುಖ್ಯ."

"ಇಲ್ಲಿ ಎಷ್ಟು ದಿನ ಇದ್ನಿ ಅನ್ನೋದು," ಎಂದು ಮೇಸ್ತ್ರಿ ಈಗ ತಿರುಗಿ ಹೇಳಿ, ನೆಟ್ಟಗೆ ಕೂತರು. ಅಕ್ಕ ನನ್ನ ಕಡೆ ಕಣ್ಣು ಹೊಡೆದಳು. ಆ ನೆಟ್ಟಗೆ ಕೂರುವುದನ್ನೂ ನಾನು ಅವತ್ತೇ ಕಲಿತೆ.

ಅರ್ಜಿ ಫಾರಂ 10ಎಫ್‌ಎ. ಅದನ್ನು ತುಂಬಿದವನು ನಾನು. ಹೆಸರು, ತಂದೆಯ ಹೆಸರು, ಪ್ಯಾನ್, ವಿಳಾಸ, ಯಾವ ಅವಧಿಗೆ ಬೇಕು, ಯಾವ ಉದ್ದೇಶಕ್ಕೆ, ನಿವಾಸಿ ಎಂದು ಯಾವ ಆಧಾರದ ಮೇಲೆ ಹೇಳುತ್ತೀರಿ. ಪಾಸ್‌ಪೋರ್ಟಿನ ಮುದ್ರೆಗಳನ್ನು ಹಿಡಿದು ದಿನ ಎಣಿಸಿದೆ. ಆ ವರ್ಷ ಮೇ ತಿಂಗಳಲ್ಲಿ ಇಪ್ಪತ್ತೊಂಬತ್ತು ದಿನ ಹೊರಗಿದ್ದರು, ಅಷ್ಟೇ. ಮುಂದಿನ ಪ್ರಯಾಣ ಜನವರಿಗೆ. ಏಪ್ರಿಲ್ ಒಂದರಿಂದ ಎಣಿಸಿದರೆ ಅಕ್ಟೋಬರ್ ಮುಗಿಯುವ ಹೊತ್ತಿಗೆ ಇಲ್ಲಿ ನೂರ ಎಂಬತ್ತೆರಡು ದಿನ ದಾಟಿತ್ತು. ಅದಕ್ಕೇ ಆಡಿಟ್ರು ನವೆಂಬರ್ ತನಕ ಕಾದಿದ್ದರು. ಮುಂಚೆಯೇ ಕೊಟ್ಟರೆ, ವರ್ಷ ಇನ್ನೂ ಬಾಕಿಯಿದೆ, ನೀವು ಇಲ್ಲೇ ಇರುತ್ತೀರಿ ಅಂತ ಏನು ಗ್ಯಾರಂಟಿ ಎಂದು ಅಧಿಕಾರಿ ಕೇಳಬಹುದು.

ಕೋಲಾರದ ಕಚೇರಿಗೆ ನಾನೇ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಪಾಸ್‌ಪೋರ್ಟಿನ ಎಲ್ಲ ಪುಟಗಳ ಪ್ರತಿ, ಹಿಂದಿನ ರಿಟರ್ನುಗಳ ಸ್ವೀಕೃತಿ, ಕಂಪನಿಯ ಒಪ್ಪಂದ, ಎಲ್ಲ ಜೋಡಿಸಿದ್ದೆ. ಅಲ್ಲಿದ್ದ ಇನ್‌ಸ್ಪೆಕ್ಟರ್ ಮರ್ಯಾದಸ್ಥರು. ಮುದ್ರೆಗಳನ್ನು ತಾವೇ ಇನ್ನೊಮ್ಮೆ ಎಣಿಸಿ, "ಇಪ್ಪತ್ತೊಂಬತ್ತು ದಿನ ಹೊರಗೆ, ಸರಿನಾ?" ಎಂದರು.

"ಇಪ್ಪತ್ತೊಂಬತ್ತು ದಿನ ಒರಗೆ, ಸರಿ ಸರ್," ಎಂದರು ಮೇಸ್ತ್ರಿ.

ಟೀ ಅಂಗಡಿಯ ಆರು ತಿಂಗಳು ಅಲ್ಲಿ ಬಾಯಿಗೆ ಬರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ನಾನು ಇನ್‌ಸ್ಪೆಕ್ಟರ್ ದನಿಯಲ್ಲಿ "ಮೇಸ್ತ್ರಿಗಳೇ, ನಿಮ್ಮ ಹೆಸರಿನ ರೂಮು ಈ ಪಾಸ್‌ಪೋರ್ಟಲ್ಲಿ ಕಾಣಿಸ್ತಾ ಇಲ್ವಲ್ಲ" ಎಂದೆ. ಅವರು ಕಿಟಕಿಯ ಕಡೆ ತಿರುಗಿ, "ಟೀ ಅಂಗ್ಡಿ ಮಾತ್ನ ಬಸ್ಸಿಗ್ ಅತ್ತಿಸ್ಬ್ಯಾಡ ಕಣ್ಲಾ," ಎಂದರು. ಮುಂದಿನ ಸೀಟಿನವನು ನಕ್ಕ. ಮೇಸ್ತ್ರಿ ನಗಲಿಲ್ಲ.

ಮೂರು ವಾರಕ್ಕೆ ಸರ್ಟಿಫಿಕೇಟ್ ಬಂತು. ಫಾರಂ 10ಎಫ್‌ಬಿ, ಒಂದೇ ಹಾಳೆ. ಇಂಥವರ ಮಗ, ಇಂಥ ಪ್ಯಾನ್, ಇಂಥ ಲೈನು, ಇಂಥ ನಂಬರು ಮನೆ, ಇಂಥ ಅವಧಿಗೆ ತೆರಿಗೆಯ ಮಟ್ಟಿಗೆ ಭಾರತದ ನಿವಾಸಿ. ಕೆಳಗೆ ಸಹಿ, ಸೀಲು. ಅದನ್ನು ಸ್ಕ್ಯಾನ್ ಮಾಡಿ ಕಂಪನಿಗೆ ಕಳಿಸುವ ಮುಂಚೆಯೇ ಮೇಸ್ತ್ರಿ ಒಯ್ದು ಪ್ಲಾಸ್ಟಿಕ್ ಅಂಟಿಸಿಕೊಂಡು ಬಂದರು. ಸ್ಕ್ಯಾನರಿನ ಬೆಳಕು ಹೊಳೆದು ಸೀಲು ಕಾಣಿಸಲಿಲ್ಲ. ಅಕ್ಕ ನಾಲ್ಕು ಸಲ ತಿರುಗಿಸಿ ಇಟ್ಟು ಕೊನೆಗೂ ತೆಗೆದಳು. ಜೊತೆಗೆ ಒಂದು ಹೇಳಿಕೆ ಕಳಿಸಬೇಕಿತ್ತು: ಈ ಶುಲ್ಕ ನನ್ನದೇ, ನಿಮ್ಮ ದೇಶದಲ್ಲಿ ನನಗೆ ಕಾಯಂ ಆಫೀಸು ಇಲ್ಲ. ಅದಕ್ಕೂ ಸಹಿ ಹಾಕಿದರು.

ಈಗ ನಮ್ಮಂಥ ಆಫೀಸುಗಳ ಒಂದು ಕೆಟ್ಟ ಅಭ್ಯಾಸ ಹೇಳಬೇಕು. ಗಿರಾಕಿಯ ಫೋನ್ ನಂಬರ್ ಎಂದು ಇರುವ ಕಡೆಯಲ್ಲೆಲ್ಲ ನಾವು ನಮ್ಮದನ್ನೇ ಬರೆಯುತ್ತೇವೆ. ಒಟಿಪಿ ಬಂದಾಗ ಗಿರಾಕಿಯನ್ನು ಹುಡುಕಿಕೊಂಡು ಹೋಗುವುದು ತಪ್ಪಲಿ ಎಂದು. ಆ ಹೇಳಿಕೆಯ ಕೆಳಗೂ ಕೈ ತಾನಾಗಿ ನನ್ನ ನಂಬರನ್ನೇ ಬರೆದಿತ್ತು.

ಹತ್ತು ದಿನ ಕಳೆದು, ಮಧ್ಯಾಹ್ನ ಎರಡೂವರೆಗೆ ಫೋನ್ ಬಂತು. ಉದ್ದನೆಯ ವಿದೇಶಿ ನಂಬರು. ಮೇಸ್ತ್ರಿ ಅವತ್ತು ಅಲ್ಲೇ ಇದ್ದರು. ಕಂಪನಿಯಿಂದ ಉತ್ತರ ಬಂತಾ ಎಂದು ಕೇಳಲು ದಿನ ಬಿಟ್ಟು ದಿನ ಬರುತ್ತಿದ್ದರು. ನಾನು ಸ್ಪೀಕರ್ ಹಾಕಿದೆ. ಒಬ್ಬ ಹೆಂಗಸು, ಕಂಪನಿಯ ಮುಖ್ಯ ಕಚೇರಿಯ ಲೆಕ್ಕಪತ್ರ ವಿಭಾಗದಿಂದ. ಇಂಗ್ಲಿಷಿನಲ್ಲಿ ಮೇಸ್ತ್ರಿಯ ಹೆಸರು ಹೇಳಿ, ಅವರೇ ಮಾತಾಡುತ್ತಿರುವುದಾ ಎಂದು ಕೇಳಿದಳು. ಕರೆಯನ್ನು ದಾಖಲಿಸುತ್ತೇವೆ, ಒಪ್ಪಂದದ ದರ ಹಾಕುವ ಮುಂಚೆ ಕೆಲವು ಪ್ರಶ್ನೆಗಳಿವೆ ಎಂದಳು.

ನಾನು ಫೋನನ್ನು ಮೇಸ್ತ್ರಿಯ ಕಡೆ ತಳ್ಳಿದೆ. ಅವರು ಎರಡೂ ಕೈ ಹಿಂದಕ್ಕೆ ಎಳೆದುಕೊಂಡರು. ಗಣಿಯ ಇಂಗ್ಲಿಷ್ ಅವರಿಗೆ ನೀರು ಕುಡಿದಷ್ಟು ಸುಲಭ. ದೊರೆಗಳಿಂದ ಬೈಸಿಕೊಂಡೇ ಕಲಿತದ್ದು. ಆದರೆ ತೆರಿಗೆಯ ಹೆಂಗಸಿನ ಇಂಗ್ಲಿಷ್ ಕೇಳಿ ಬೆವರಿದರು. "ನೀನೇ ಮಾತಾಡು," ಎಂದು ಪಿಸುಗುಟ್ಟಿದರು. "ನನ್ನಂಗೇ ಮಾತಾಡ್ತೀಯಂತಲ್ಲ. ಅಕ್ಕಯ್ಯ ಏಳ್ತಿರ್ತಾಳೆ."

ಆಡಿಟ್ರು ಬೇಡ ಎಂದು ತಲೆಯಾಡಿಸಿದರೋ, ಬೇಗ ಎಂದು ಆಡಿಸಿದರೋ, ನಾನು ನೋಡಲಿಲ್ಲ. ಗಂಟಲು ಆಗಲೇ ಮೇಸ್ತ್ರಿಯದಾಗಿತ್ತು.

ಮೊದಲ ಪ್ರಶ್ನೆಗಳು ಸುಲಭ. ಹುಟ್ಟಿದ ದಿನ, ವಿಳಾಸ. ಪ್ರತಿಯೊಂದನ್ನೂ ಮೂರು ತುಂಡು ಮಾಡಿ ತಿರುಗಿ ಹೇಳಿ, ಆಮೇಲೆ ಉತ್ತರ ಕೊಟ್ಟೆ. ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಾನು ಅವಳನ್ನು ನೋಡಿದೆ. ಅದೇ ತಪ್ಪು. ಮಿಮಿಕ್ರಿಯವನ ಎದುರಿಗೆ ಒಬ್ಬರು ನಗಲು ಕಾಯುತ್ತ ಕೂತರೆ ಅವನಿಗೆ ಮುಂದಿನದು ಏನೂ ಕಾಣಿಸುವುದಿಲ್ಲ.

"ಗಣಿಗೆ ಬಂದಾಗ ನೀವು ಎಲ್ಲಿ ಕೂತು ಕೆಲಸ ಮಾಡುತ್ತೀರಿ?" ಎಂದು ಅವಳು ಕೇಳಿದಳು.

"ಎಲ್ಲಿ ಕೂತು, ಕೆಲಸ, ಮಾಡುತ್ತೇನೆ," ಎಂದೆ ನಾನು. ನೆಟ್ಟಗೆ ಕೂತೆ. "ನನ್ನ ಸ್ವಂತ ರೂಮಿದೆ ಮೇಡಂ. ಬಾಗಿಲ ಮೇಲೆ ನನ್ನ ಹೆಸರಿದೆ."

ಆಡಿಟ್ರು ಗೋಡೆಯ ಕಡೆ ತಿರುಗಿದರು. ಅವರ ಭುಜ ಕುಣಿಯುತ್ತಿತ್ತು.

"ವರ್ಷದಲ್ಲಿ ಎಷ್ಟು ಸಮಯ ಇಲ್ಲಿರುತ್ತೀರಿ?"

"ವರ್ಷದಲ್ಲಿ, ಎಷ್ಟು ಸಮಯ. ಆರು ತಿಂಗಳು ಮೇಡಂ. ಊರಿಗೆ ಬರುವುದೇ ಇವರ ಮುಖ ನೋಡಲು."

ಅಕ್ಕ ಮೇಜಿನ ಕೆಳಗೆ ಬಗ್ಗಿದಳು. ಮೇಸ್ತ್ರಿಯೂ ನಗುತ್ತಿದ್ದರು, ಬಾಯಿ ತೆರೆದು, ಎಲ್ಲರೂ ನಗುವಾಗ ತಾನೂ ನಗಬೇಕು ಎನ್ನುವವರಂತೆ. ಇಂಗ್ಲಿಷಿನಲ್ಲಿ ಹೇಳಿದ್ದು ಅವರಿಗೆ ತಡವಾಗಿ ಇಳಿಯಿತು. ನಗುತ್ತಲೇ ಅವರ ತುಟಿ ಅಲ್ಲಾಡಿತು. "ಆರು ತಿಂಗಳು," ಎಂದು ತಿರುಗಿ ಹೇಳಿಕೊಂಡರು. ಆಮೇಲೆ ಮೇಜಿನ ಕೆಳಗಿನ ಅಕ್ಕನನ್ನು ನೋಡಿದರು, ಗೋಡೆಯ ಕಡೆಗಿದ್ದ ಆಡಿಟ್ರ ಬೆನ್ನನ್ನು ನೋಡಿದರು. ತಮ್ಮ ಟೀ ಅಂಗಡಿಯ ಮಾತನ್ನು ಇವರು ಮೊದಲ ಸಲ ಕೇಳುತ್ತಿಲ್ಲ ಎಂದು ಗೊತ್ತಾಗಿರಬೇಕು. ಬಾಯಿ ಮುಚ್ಚಿಕೊಂಡರು.

ಆ ಹೆಂಗಸು ವಂದನೆ ಹೇಳಿ ಫೋನಿಟ್ಟಳು.

"ಲೇ, ಏನೋ ಹೇಳ್ಬಿಟ್ಟೆ ನೀನು," ಎಂದರು ಆಡಿಟ್ರು, ಕಣ್ಣೊರೆಸಿಕೊಂಡು. ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. "ಹೋಗ್ಲಿ ಬಿಡು. ಕಾಗದ ಎಲ್ಲಾ ಸರಿಯಾಗಿದೆಯಲ್ಲ. ಬಾಯಿ ಮಾತು ಯಾರು ನೋಡ್ತಾರೆ."

ಬಾಯಿ ಮಾತನ್ನು ಕಂಪನಿಯವರು ಕಾಗದ ಮಾಡಿದ್ದರು. ಮೂರನೇ ದಿನ ಇಮೇಲ್ ಬಂತು. ದಾಖಲಿಸಿದ ಕರೆಯಲ್ಲಿ ನೀವೇ ಹೇಳಿದಂತೆ ಗಣಿಯಲ್ಲಿ ನಿಮ್ಮ ಹೆಸರಿನ ಪ್ರತ್ಯೇಕ ಕೊಠಡಿಯಿದೆ, ವರ್ಷದಲ್ಲಿ ಆರು ತಿಂಗಳು ಇಲ್ಲಿರುತ್ತೀರಿ. ಆದ್ದರಿಂದ ನಿಮಗೆ ಇಲ್ಲಿ ಕಾಯಂ ನೆಲೆ ಇದೆಯೆಂದು ನಮ್ಮ ತೆರಿಗೆ ವಿಭಾಗ ಭಾವಿಸುತ್ತದೆ. ನಿವಾಸಿ ಸರ್ಟಿಫಿಕೇಟ್ ಇದ್ದರೂ ಹತ್ತರ ದರ ಅನ್ವಯಿಸುವುದಿಲ್ಲ. ನಿಮ್ಮ ಸಹಿ ಮಾಡಿದ ಹೇಳಿಕೆ ಇದಕ್ಕೆ ವಿರುದ್ಧವಾಗಿದೆ, ವಿವರಿಸಿ.

ಆಡಿಟ್ರು ಅದನ್ನು ಎರಡು ಸಲ ಓದಿದರು. "ನಿನ್ ನಾಲಿಗೆನ ಮೂಲದಲ್ಲೇ ಕಡಿತ ಮಾಡ್ಬೇಕಿತ್ತು," ಎಂದರು. ಈ ಸಲ ನಗುತ್ತಿರಲಿಲ್ಲ.

ಮೇಸ್ತ್ರಿಯನ್ನು ಕರೆಸಿ ವಿಷಯ ಹೇಳಿದೆವು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರೆ ಅದನ್ನೂ ಕಲಿಯಬಹುದಲ್ಲ ಎಂದು ಮನಸ್ಸಿನ ಒಂದು ಮೂಲೆ ಕಿವಿ ನಿಮಿರಿಸಿಕೊಂಡಿತ್ತು. ಅಂಥ ಮೂಲೆ ನನ್ನದು. ಅವರು ಬೈಯಲಿಲ್ಲ.

"ಅವತ್ತು ಮಾತಾಡ್ದೋನು ನಾನಲ್ಲ ಅಂತ ಬರ್ದುಬಿಡಿ," ಎಂದರು.

"ಹಂಗೆ ಬರೆದ್ರೆ ಕೆಟ್ಟೋಯ್ತು ಮೇಸ್ತ್ರಿ," ಎಂದರು ಆಡಿಟ್ರು. "ಬೇರೆಯವನು ನಿಮ್ಮ ಹೆಸರಲ್ಲಿ ಮಾತಾಡಿದ ಅಂದ್ರೆ ಮೋಸ ಅಂತಾರೆ. ಸಹಿನೂ ಬೇರೆಯವನದೇ ಇರ್ಬೋದು ಅಂತಾರೆ. ಒಪ್ಪಂದವೇ ಹೋಗುತ್ತೆ. ನನ್ನ ಆಫೀಸಿಗೂ ಕೆಟ್ಟ ಹೆಸರು."

"ಒಪ್ಪಂದವೇ ಓಗುತ್ತೆ," ಎಂದರು ಮೇಸ್ತ್ರಿ. "ಅಂಗಾದ್ರೆ ಈ ಸಲ ನಾನೇ ಮಾತಾಡ್ತೀನಿ. ತಪ್ಪು ಏಳಿದ್ದೆ, ಕೊಚ್ಕೊಂಡಿದ್ದೆ, ನಿಜ ಇದು ಅಂತೀನಿ. ಕೊಚ್ಕೊಂಡಿದ್ದು ನಾನೇ ತಾನೆ? ಈ ಹೈದ ಸುಳ್ಳೇನೂ ಏಳಿಲ್ಲ, ನಂದೇ ಏಳ್ದ."

ಇದು ಕ್ಷಮೆಯೋ ಏಟೋ ನನಗೆ ಇವತ್ತಿಗೂ ತಿಳಿದಿಲ್ಲ.

ಪಾಸ್‌ಪೋರ್ಟ್ ಪುಟಗಳನ್ನು, ಯಾವ ದಿನ ಹೋದರು ಯಾವ ದಿನ ಬಂದರು ಎಂಬ ಪಟ್ಟಿಯನ್ನು ಕಂಪನಿಗೆ ಕಳಿಸಿದೆವು. ಗಣಿಯ ಮ್ಯಾನೇಜರಿಂದ, ಇವರಿಗೆ ಇಲ್ಲಿ ಕೊಠಡಿ ಇಲ್ಲ ಎಂದು ಒಂದು ಪತ್ರವನ್ನು ಮೇಸ್ತ್ರಿಯೇ ಕೇಳಿ ತರಿಸಿದರು. ತನಗೆ ರೂಮಿಲ್ಲ ಎಂದು ಬರೆಸಿಕೊಳ್ಳಲು ಅವರು ಏನೆಂದು ಕೇಳಿದರೋ. ಮತ್ತೆ ಕರೆ ಮಾಡುತ್ತೇವೆ ಎಂದು ಕಂಪನಿ ದಿನ, ಸಮಯ ಕೊಟ್ಟಿತು.

ಆ ದಿನ ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಒಂದು ಗಂಟೆ ಮುಂಚೆ ಬಂದರು. ಕೈಯಲ್ಲೊಂದು ಚೀಟಿ. ಹೇಳಬೇಕಾದದ್ದನ್ನು ಇಂಗ್ಲಿಷಿನಲ್ಲಿ, ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದರು. ಫೋನ್ ಬಂದಾಗ ತಾವೇ ಎತ್ತಿಕೊಂಡರು. ಅವಳು ಹೆಸರು ಕೇಳಿದಳು, ಹೇಳಿದರು. ಹುಟ್ಟಿದ ದಿನ ಕೇಳಿದಳು, ಹೇಳಿದರು. ಹೆದರಿಕೆಗೆ ದನಿ ಮೇಲೇರಿತ್ತು, ತೆಳ್ಳಗಾಗಿತ್ತು. ಯಾವುದನ್ನೂ ತಿರುಗಿ ಹೇಳಲಿಲ್ಲ. ಚೀಟಿ ನೋಡಿ ಓದಿದರು.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅವಳು ಬಹಳ ವಿನಯದಿಂದ, "ಕ್ಷಮಿಸಿ, ಹಿಂದಿನ ಸಲ ನಾನು ಮಾತಾಡಿದ್ದು ನಿಮ್ಮ ಜೊತೆ ಅಲ್ಲ. ದಯವಿಟ್ಟು ಅವರಿಗೇ ಕೊಡಿ," ಎಂದಳು.

"ನಾನೇ ಮೇಡಂ," ಎಂದರು ಮೇಸ್ತ್ರಿ.

"ದಾಖಲೆಯಲ್ಲಿರುವ ದನಿ ಇದಲ್ಲ. ಅವರ ಜೊತೆ ಅಲ್ಲದೆ ಬೇರೆಯವರ ಜೊತೆ ನಾನು ಈ ವಿಷಯ ಮಾತಾಡುವಂತಿಲ್ಲ. ಕರೆಯನ್ನು ಮುಗಿಸಬೇಕಾಗುತ್ತದೆ."

"ನಾನೇ," ಎಂದರು ಇನ್ನೊಮ್ಮೆ, ಕನ್ನಡದಲ್ಲಿ. ಅದು ಅವಳಿಗೆ ಹೇಳಿದ್ದಲ್ಲ. ನಮ್ಮ ಮೂವರ ಮುಖಗಳನ್ನು ಒಂದೊಂದಾಗಿ ನೋಡಿ, ಯಾರಾದರೂ ಹೌದು ಅನ್ನಲಿ ಎಂದು ಹೇಳಿದ್ದು. ಅಕ್ಕ ಕೀಬೋರ್ಡ್ ನೋಡಿದಳು. ಆಡಿಟ್ರು ಕೈ ಚಾಚಿ, ಮೇಸ್ತ್ರಿಯ ಕೈಯಿಂದ ಫೋನ್ ಬಿಡಿಸಿ, ನನ್ನ ಕೈಗೆ ಇಟ್ಟರು.

ನಾನು ಬೇಡ ಎನ್ನಬಹುದಿತ್ತು. ಹಾಗೆಂದು ಬರೆದರೆ ಇಲ್ಲಿ ಚೆನ್ನಾಗಿಯೂ ಕಾಣುತ್ತದೆ. ನಾನು ಗಂಟಲು ಸರಿಮಾಡಿಕೊಂಡೆ.

"ಕ್ಷಮಿಸಿ ಮೇಡಂ, ಫೋನ್ ಎತ್ತಿದ್ದು ನಮ್ಮ ಸಂಬಂಧಿಕರು."

"ಹಾಂ, ಈಗ ಗೊತ್ತಾಯಿತು," ಎಂದಳು ಅವಳು. ದನಿಯಲ್ಲಿ ನಗು ಬಂತು. "ನಿಮ್ಮ ದನಿ ಮರೆಯುವಂಥದ್ದಲ್ಲ ಸರ್."

ಐದು ನಿಮಿಷದಲ್ಲಿ ಎಲ್ಲ ಸರಿಹೋಯಿತು. ರೂಮು, ಇಲ್ಲ, ಮೇಡಂ. ಇಪ್ಪತ್ತೊಂಬತ್ತು, ದಿನ, ಮಾತ್ರ. ಹಿಂದಿನ ಸಲ ಹೇಳಿದ್ದು ಮುದುಕನ ಜಂಬ. ಅವಳು ನಕ್ಕಳು. ಪಾಸ್‌ಪೋರ್ಟ್ ಪುಟಗಳೂ ಮ್ಯಾನೇಜರ ಪತ್ರವೂ ಅದಕ್ಕೆ ಹೊಂದುತ್ತವೆ, ಒಪ್ಪಂದದ ದರವನ್ನೇ ಹಾಕುತ್ತೇವೆ ಎಂದಳು. ನಾನು ಮಾತಾಡುವಷ್ಟು ಹೊತ್ತೂ ಮೇಸ್ತ್ರಿ ನನ್ನ ಬಾಯಿಯನ್ನೇ ನೋಡುತ್ತಿದ್ದರು. ತಮ್ಮ ಮನೆಯೊಳಗೆ ಬೇರೆ ಯಾರೋ ಓಡಾಡುವುದನ್ನು ಕಿಟಕಿಯಿಂದ ನೋಡುವವರ ಹಾಗೆ.

ಫೋನಿಟ್ಟ ಮೇಲೆ ಆಡಿಟ್ರು "ಗೆದ್ವಿ ಮೇಸ್ತ್ರಿ, ಹತ್ತೇ," ಎಂದರು. ಮೇಸ್ತ್ರಿ ಎದ್ದು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಪ್ಲಾಸ್ಟಿಕ್ ಅಂಟಿಸಿದ ಸರ್ಟಿಫಿಕೇಟ್ ಎಲ್ಲಿ ಎಂದು ಕೇಳಿದರು. ಅಕ್ಕ ಕೊಟ್ಟಳು. ಅದನ್ನು ನನ್ನ ಕಡೆ ಹಿಡಿದರು.

"ಇದ್ರಾಗೆ ನಾನು ಇಲ್ಲೋನು ಅಂತ ಬರ್ದದೆ. ಸರ್ಕಾರದೋರು ಸೀಲ್ ಆಕವ್ರೆ. ನಿನ್ನತ್ರ ಕೇಳ್ಕೊಂಡ್ ಬಾ ಅಂತ ಎಲ್ಲೂ ಬರ್ದಿಲ್ಲ ಕಣ್ಲಾ."

ಮೆಟ್ಟಿಲಿಳಿದು ಹೋದರು. ಜನವರಿಯಲ್ಲಿ ಗಣಿಗೆ ಹೋಗಿ ಬಂದರೆಂದು ಕೇಳಿದೆ. ನಮ್ಮ ಆಫೀಸಿನ ಕಡೆ ಬರಲಿಲ್ಲ.

ಈ ಸರ್ಟಿಫಿಕೇಟ್ ಆಯಾ ವರ್ಷದ್ದು ಮಾತ್ರ, ಪ್ರತಿ ವರ್ಷ ಹೊಸದಾಗಿ ಕೇಳಬೇಕು. ಮುಂದಿನ ನವೆಂಬರಿನಲ್ಲಿ ಮೇಸ್ತ್ರಿ ಫಾರಂ ತಾವೇ ತುಂಬಿ, ದಿನಗಳನ್ನು ತಾವೇ ಎಣಿಸಿ, ಒಬ್ಬರೇ ಕೋಲಾರಕ್ಕೆ ಹೋಗಿ ತಂದರು. ಕಂಪನಿಗೆ ಕಳಿಸಿದ ಹೇಳಿಕೆಯಲ್ಲಿ ತಮ್ಮದೇ ನಂಬರ್ ಬರೆದರು. ಕಂಪನಿಯವರು ಫೋನ್ ಮಾಡಿದರು. ಇವರೇ ಮಾತಾಡಿದರು. ದಾಖಲೆಯ ದನಿಯ ಜೊತೆ ಹೊಂದಲಿಲ್ಲ. ಅದನ್ನು ಬಿಡಿಸಿ ಹೇಳುವ ತನಕ ಒಪ್ಪಂದದ ದರ ಇಲ್ಲ ಎಂದು ಇಪ್ಪತ್ತು ಕಡಿದರು. ನನ್ನನ್ನು ಕರೆದರೆ ಐದು ನಿಮಿಷದ ಕೆಲಸ. ಕರೆಯಲಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ಅದರ ಮುಂದಿನ ಜುಲೈನಲ್ಲಿ. ವಿದೇಶದಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ಕಳೆದುಕೊಳ್ಳಲು ಫಾರಂ 67 ಆನ್‌ಲೈನಿನಲ್ಲೇ ಹಾಕಬೇಕು. ಅವರ ಹಳೆಯ ಲೆಕ್ಕವೆಲ್ಲ ನಮ್ಮ ಕಂಪ್ಯೂಟರಿನಲ್ಲಿತ್ತು. ಅಷ್ಟಕ್ಕೆ ಬಂದಿದ್ದರು. ನನ್ನ ಎದುರಿನ ಕುರ್ಚಿಯಲ್ಲೇ ಕೂತರು. ಕಾಗದಗಳನ್ನು ಒಂದೊಂದಾಗಿ ಇಟ್ಟರು: ಸರ್ಟಿಫಿಕೇಟ್, ಕಂಪನಿಯ ಕಡಿತದ ಪತ್ರ, ಪಾಸ್‌ಪೋರ್ಟ್ ಪ್ರತಿ.

"ಚೆನ್ನಾಗಿದ್ದೀರಾ ಮೇಸ್ತ್ರಿ?" ಎಂದೆ.

ತಲೆಯಾಡಿಸಿದರು.

"ಇಪ್ಪತ್ತು ಕಡಿದವ್ರೆ," ಎಂದೆ ನಾನೇ, ಪತ್ರ ನೋಡಿ. "ನಿಮಗೆ ಗೊತ್ತಲ್ಲ, ಇಲ್ಲಿ ಹತ್ತೇ ಸಿಗೋದು. ಬೇಕಾದ್ರೆ ನಾನೊಂದು ಫೋನ್ ಮಾಡಿ ಸರಿಮಾಡಿಸ್ತೀನಿ. ಇನ್ನೂ ವಾಪಸ್ ಕೇಳ್ಬೋದು."

ಅವರು ಜೇಬಿನಿಂದ ಪೆನ್ನು ತೆಗೆದು, ನಮ್ಮದೇ ಹಳೆಯ ರಸೀದಿಯ ಹಿಂಭಾಗದಲ್ಲಿ ಬರೆದು ನನ್ನ ಕಡೆ ತಳ್ಳಿದರು. ದಪ್ಪ ಅಕ್ಷರ. "ಹತ್ತೇ ಬರ್ಕೊ."

"ಗಂಟಲು ಸರಿಯಿಲ್ವಾ?" ಎಂದು ಕೇಳಿದೆ.

ಅದಕ್ಕೂ ಬರೆದರು. "ಸರಿಯಾಗಿದೆ."

ಮುಕ್ಕಾಲು ಗಂಟೆ ಕೂತಿದ್ದರು. ಒಟಿಪಿ ಅವರ ಫೋನಿಗೆ ಬಂತು. ಆರು ಅಂಕೆಗಳನ್ನು ಓದಿ ಹೇಳಲಿಲ್ಲ, ಫೋನನ್ನೇ ತಿರುಗಿಸಿ ತೋರಿಸಿದರು. ನಾನು ಏನು ಕೇಳಿದರೂ ಚೀಟಿ. ಅಕ್ಕ ನೀರು ತಂದಾಗ ಮಾತ್ರ, ಎದ್ದು ಬಾಗಿಲಾಚೆ ಮೆಟ್ಟಿಲ ತನಕ ಹೋಗಿ, ನನಗೆ ಬೆನ್ನು ಹಾಕಿ, ಅವಳ ಮಗುವಿನ ವಿಚಾರ ಕೇಳಿದರು. ಅದನ್ನು ಅಕ್ಕನೇ ಆಮೇಲೆ ಹೇಳಿದ್ದು, ನನಗೆ ಕೇಳಿಸಲಿಲ್ಲ. ಕೇಳಿಸದಷ್ಟು ಸಣ್ಣಗೆ ಮಾತಾಡಿದ್ದರು.

ಅವರು ಹೋದ ಮೇಲೆ ಊಟದ ಡಬ್ಬಿ ಬಿಚ್ಚಿದೆವು. ಅಕ್ಕ ಉಪ್ಪಿನಕಾಯಿ ಬಡಿಸಿಕೊಳ್ಳುತ್ತ, "ಲೇ, ಮೇಸ್ತ್ರಿ ಮಾಡಿ ಎಷ್ಟು ದಿನ ಆಯ್ತು," ಎಂದಳು.

ಮಾಡಿದೆ. ಹಳೆಯದೇ, ಅವತ್ತು ಕಲಿಯಲು ಅವರು ದನಿಯನ್ನೇ ಕೊಟ್ಟಿರಲಿಲ್ಲ. ಅಕ್ಕ, ಆಡಿಟ್ರು ಇಬ್ಬರೂ ನಕ್ಕರು.